ಜೂಜಿಗೆ ಕ್ರೆಡಿಟ್ ಕಾರ್ಡಿನಿಂದ ಹಣ ಹಾಕಿದಾಗ ಬೀಳುವ ಕ್ಯಾಶ್ ಅಡ್ವಾನ್ಸ್ ಶುಲ್ಕ, ಬಡ್ಡಿ: ಗುರುತಿಸುವುದು, ತಡೆಯುವುದು, ತೀರಿಸುವುದು ಹೇಗೆ

ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನು ಕೊಂಡರೆ ಬ್ಯಾಂಕು ಒಂದು ಲೆಕ್ಕ ಇಡುತ್ತದೆ, ಅದೇ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಇನ್ನೊಂದು. ಕೊಂಡ ಸಾಮಾನಿನ ಬಿಲ್ಲನ್ನು ಕೊನೆಯ ದಿನದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ. ನಗದಿಗೆ ಆ ರಿಯಾಯಿತಿ ಇಲ್ಲ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ಜೊತೆಗೆ ಒಂದು ಶುಲ್ಕವೂ ಬೀಳುತ್ತದೆ. ಈ ಎರಡನೆಯ ಲೆಕ್ಕಕ್ಕೆ ಕ್ಯಾಶ್ ಅಡ್ವಾನ್ಸ್ ಎಂದು ಹೆಸರು. ಬೆಟ್ಟಿಂಗ್ ಆ್ಯಪ್, ಆನ್‌ಲೈನ್ ಕ್ಯಾಸಿನೊ, ಕುದುರೆ ಪಂದ್ಯದ ಖಾತೆಗಳಿಗೆ ಕಾರ್ಡಿನಿಂದ ಹಾಕುವ ಹಣವನ್ನು ಅನೇಕ ಬ್ಯಾಂಕುಗಳು ಇದೇ ಲೆಕ್ಕಕ್ಕೆ ಸೇರಿಸುತ್ತವೆ.

ಹಣ ಹಾಕುವ ಹೊತ್ತಿಗೆ ಇದರ ಸುಳಿವು ಸಾಮಾನ್ಯವಾಗಿ ಸಿಗುವುದಿಲ್ಲ. ಕಾರ್ಡ್ ನಂಬರ್ ಕೇಳುತ್ತದೆ, ಒಟಿಪಿ ಬರುತ್ತದೆ, ಪಾವತಿ ಆಯಿತು ಎಂದು ಪರದೆ ಹೇಳುತ್ತದೆ. ಶುಲ್ಕದ ಸಾಲು ಕಾಣಿಸಿಕೊಳ್ಳುವುದು ಒಂದೆರಡು ದಿನ ಬಿಟ್ಟು, ವ್ಯವಹಾರ ಬ್ಯಾಂಕಿನ ಲೆಕ್ಕಕ್ಕೆ ಏರಿದ ಮೇಲೆ. ಹಾಗಾಗಿ ಹಣ ಹಾಕುವ ಮೊದಲು ನೋಡಬೇಕಾದದ್ದು, ಹಾಕಿಬಿಟ್ಟಿದ್ದರೆ ಮಾಡಬೇಕಾದದ್ದು ಎರಡನ್ನೂ ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇವೆ.

ಬ್ಯಾಂಕಿಗೆ ಹೇಗೆ ಗೊತ್ತಾಗುತ್ತದೆ

ಕಾರ್ಡ್ ತೆಗೆದುಕೊಳ್ಳುವ ಪ್ರತಿ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಎಂಸಿಸಿ ಎನ್ನುತ್ತಾರೆ. ಇದನ್ನು ಕೊಡುವುದು ವ್ಯಾಪಾರಿಯ ಕಡೆಯ ಬ್ಯಾಂಕು, ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ನಿಯಮಗಳ ಪ್ರಕಾರ. ಬೆಟ್ಟಿಂಗ್, ಕ್ಯಾಸಿನೊ ಚಿಪ್, ಲಾಟರಿ ಟಿಕೆಟ್‌ಗಳ ಕೋಡ್ 7995. ನೀವು ಪಾವತಿ ಒತ್ತಿದ ಕೂಡಲೇ ಮೊತ್ತದ ಜೊತೆ ಈ ಕೋಡ್ ಕೂಡ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿನ ಕಂಪ್ಯೂಟರ್ ಅದನ್ನು ನೋಡಿ, ಒಪ್ಪಬೇಕೋ ಬೇಡವೋ, ಒಪ್ಪಿದರೆ ಖರೀದಿ ಎನ್ನಬೇಕೋ ಕ್ಯಾಶ್ ಅಡ್ವಾನ್ಸ್ ಎನ್ನಬೇಕೋ ಎಂದು ತೀರ್ಮಾನಿಸುತ್ತದೆ. ಜೂಜನ್ನು ನಗದಿನ ಸಾಲಿಗೆ ಸೇರಿಸಲು ಕಾರಣ ಸರಳ. ಚಿಪ್ ಆಗಲಿ ಆ್ಯಪ್‌ನ ವಾಲೆಟ್ ಆಗಲಿ, ಒಳಗೆ ಹೋದ ಹಣ ಮತ್ತೆ ಹಣವಾಗಿಯೇ ಹೊರಗೆ ಬರಬಲ್ಲದು.

ಕೋಡ್ ನೋಡುವುದರಿಂದ ಕೆಲವು ಕಡೆ ಲೆಕ್ಕ ನಾವಂದುಕೊಂಡಂತೆ ಇರುವುದಿಲ್ಲ. ಕ್ಯಾಸಿನೊ ಇರುವ ಹೋಟೆಲಿನಲ್ಲಿ ಕೋಣೆ ಬಾಡಿಗೆ ಹೋಟೆಲಿನ ಕೋಡಿನಲ್ಲಿ ಬರುತ್ತದೆ, ಅದು ಮಾಮೂಲಿ ಖರೀದಿ. ಅದೇ ಕಟ್ಟಡದ ಕೌಂಟರಿನಲ್ಲಿ ಅದೇ ಕಾರ್ಡಿಗೆ ಚಿಪ್ ಕೊಂಡರೆ ನಗದಿನ ಲೆಕ್ಕ. ಆ್ಯಪ್‌ಗೆ ನೇರವಾಗಿ ಹಾಕದೆ ಮೊದಲು ಇ-ವಾಲೆಟ್‌ಗೆ ತುಂಬಿ, ಅಲ್ಲಿಂದ ಆ್ಯಪ್‌ಗೆ ಕಳಿಸಿದರೆ ತಪ್ಪಿಸಿಕೊಳ್ಳಬಹುದು ಎಂಬ ಮಾತು ಓಡಾಡುತ್ತದೆ. ವಾಲೆಟ್ ತುಂಬುವುದಕ್ಕೂ 6051, 6540ರಂಥ ಕೋಡ್‌ಗಳಿವೆ. ಎಷ್ಟೋ ಬ್ಯಾಂಕುಗಳು ಇವುಗಳನ್ನೂ ನಗದಿಗೆ ಸಮಾನವೆಂದೇ ಎಣಿಸುತ್ತವೆ. ಸುತ್ತು ಹಾಕಿ ಹೋದವರಿಗೆ ವಾಲೆಟ್‌ನವರ ಶುಲ್ಕ ಒಂದು, ಬ್ಯಾಂಕಿನ ಶುಲ್ಕ ಇನ್ನೊಂದು ಬೀಳುತ್ತದೆ.

ಇನ್ನೂ ಒಂದು ಬಗೆಯಿದೆ. ಜೂಜಿನ ಸೈಟಿಗೆ ಹಣ ಹಾಕಿದ್ದರೂ ಸ್ಟೇಟ್‌ಮೆಂಟಿನಲ್ಲಿ ಯಾವುದೋ ಎಲೆಕ್ಟ್ರಾನಿಕ್ಸ್ ಅಂಗಡಿಯ ಹೆಸರು ಬಂದಿರುತ್ತದೆ. ಶುಲ್ಕ ಬೀಳಲಿಲ್ಲ ಎಂದು ಇದರಿಂದ ಸಮಾಧಾನಪಡಬೇಡಿ. ಆ ಸೈಟು ಸುಳ್ಳು ಕೋಡಿನ ಹಿಂದೆ ಅಡಗಿದೆ ಎಂದೇ ಅದರ ಅರ್ಥ. ಕಾರ್ಡ್ ಜಾಲಗಳು ಅದನ್ನು ನಿಷೇಧಿಸಿವೆ. ಅಂಥವರ ಬಳಿ ಹಣ ಸಿಕ್ಕಿಕೊಂಡರೆ ಯಾರಿಂದ, ಯಾವ ಸೇವೆಗೆ ವಾಪಸ್ ಕೇಳಬೇಕು ಎಂಬುದಕ್ಕೇ ದಾಖಲೆ ಇರುವುದಿಲ್ಲ. ಆ ಸೈಟಿಗೆ ಕೊಟ್ಟ ಕಾರ್ಡನ್ನು ಬ್ಲಾಕ್ ಮಾಡಿಸಿ ಬೇರೆ ನಂಬರಿನ ಕಾರ್ಡ್ ತರಿಸಿಕೊಳ್ಳುವುದು ಒಳ್ಳೆಯದು.

ಹಂತ 1: ಕಾರ್ಡಿನ ಕರಾರಿನಲ್ಲಿ ನಾಲ್ಕು ವಿಷಯ ಹುಡುಕಿ

ಕರಾರು ಉದ್ದವಾಗಿರುತ್ತದೆ, ಪೂರ್ತಿ ಓದಬೇಕಾಗಿಲ್ಲ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಅದರ ಪಿಡಿಎಫ್ ಇರುತ್ತದೆ. ಅದನ್ನು ತೆರೆದು `cash advance`, `cash-like`, `quasi-cash`, `gambling`, `betting` ಎಂಬ ಪದಗಳನ್ನು ಒಂದೊಂದಾಗಿ ಹುಡುಕಿ. ಕ್ಯಾಶ್ ಅಡ್ವಾನ್ಸ್ ಎಂದರೇನು ಎಂದು ಹೇಳುವ ಪ್ಯಾರಾದಲ್ಲಿ ಬೆಟ್ಟಿಂಗ್, ಲಾಟರಿ, ಕ್ಯಾಸಿನೊ ಚಿಪ್ ಎಂಬ ಹೆಸರುಗಳು ಇದ್ದರೆ ಮೊದಲ ಪ್ರಶ್ನೆ ಮುಗಿಯಿತು.

ಆಮೇಲೆ ದರಪಟ್ಟಿ ನೋಡಿ. ಶುಲ್ಕ ಶೇಕಡಾ ಎಷ್ಟು, ಅದಕ್ಕೆ ಕನಿಷ್ಠ ಮೊತ್ತ ಎಷ್ಟು ಎಂಬುದು ಎರಡನೆಯದು. ಸಾಮಾನ್ಯವಾಗಿ "ಶೇ. 5 ಅಥವಾ ಇಂತಿಷ್ಟು, ಯಾವುದು ಹೆಚ್ಚೋ ಅದು" ಎಂಬ ರೀತಿಯಲ್ಲಿ ಬರೆದಿರುತ್ತಾರೆ. ಆ ಕನಿಷ್ಠ ಮೊತ್ತವೇ ಜೂಜಿನಲ್ಲಿ ಜೇಬು ಖಾಲಿ ಮಾಡುವುದು, ಹೇಗೆಂದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ. ಮೂರನೆಯದು ನಗದಿನ ಬಡ್ಡಿದರ. ಅನೇಕ ಕಾರ್ಡುಗಳಲ್ಲಿ ಇದು ಖರೀದಿಯ ದರಕ್ಕಿಂತ ಹೆಚ್ಚಿರುತ್ತದೆ. ಮೊದಲ ಕೆಲವು ತಿಂಗಳು ಬಡ್ಡಿಯಿಲ್ಲ ಎಂಬ ಆಫರ್ ಖರೀದಿಗಷ್ಟೇ ಇದ್ದರೆ ನಗದಿಗೆ ಅದು ತಾಗುವುದಿಲ್ಲ.

ನಾಲ್ಕನೆಯದು ನಗದು ಮಿತಿ. ಕಾರ್ಡಿನ ಒಟ್ಟು ಮಿತಿಯ ಒಂದು ಭಾಗವನ್ನು ಮಾತ್ರ ನಗದಿಗೆ ಬಿಟ್ಟಿರುತ್ತಾರೆ. ಒಟ್ಟು ಮಿತಿ 1,00,000 ಇದ್ದು ನಗದು ಮಿತಿ 20,000 ಇದ್ದರೆ, ಆ್ಯಪ್‌ಗೆ 25,000 ಹಾಕಲು ಹೋದಾಗ ಪಾವತಿ ತಿರಸ್ಕಾರವಾಗುತ್ತದೆ. ಕಾರ್ಡಿನಲ್ಲಿ ಬೇಕಾದಷ್ಟು ಜಾಗ ಇದ್ದರೂ ಪಾವತಿ ಏಕೆ ಆಗಲಿಲ್ಲ ಎಂದು ತಲೆಕೆಡಿಸಿಕೊಳ್ಳುವ ಬಹಳ ಜನರಿಗೆ ಉತ್ತರ ಇಲ್ಲಿರುತ್ತದೆ. ಮತ್ತೆ ಮತ್ತೆ ಒತ್ತಬೇಡಿ. ಸತತ ತಿರಸ್ಕಾರಗಳನ್ನು ಬ್ಯಾಂಕು ವಂಚನೆಯ ಲಕ್ಷಣ ಎಂದುಕೊಂಡು ಕಾರ್ಡನ್ನೇ ತಡೆಹಿಡಿಯಬಹುದು.

ಒಂದು ಸಂಜೆಯ ಲೆಕ್ಕ

ಶುಲ್ಕ ಶೇ. 5, ಕನಿಷ್ಠ 300, ನಗದಿಗೆ ವಾರ್ಷಿಕ ಬಡ್ಡಿ ಶೇ. 30 ಎಂದಿಟ್ಟುಕೊಳ್ಳೋಣ. ಯಾವ ದೇಶದ ಹಣವಾದರೂ ಲೆಕ್ಕ ಇದೇ. ಪ್ರತಿ ತಿಂಗಳು 25ಕ್ಕೆ ಬಿಲ್ ಆಗುತ್ತದೆ, ಮುಂದಿನ ತಿಂಗಳ 15 ಕಟ್ಟಲು ಕೊನೆಯ ದಿನ.

ಒಬ್ಬರು 5ನೇ ತಾರೀಖಿನ ಸಂಜೆ ಬೆಟ್ಟಿಂಗ್ ಆ್ಯಪ್‌ಗೆ 2,000 ಹಾಕುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು 2,000. ಹೀಗೆ ರಾತ್ರಿಯೊಳಗೆ ಐದು ಸಲ, ಒಟ್ಟು 10,000. ಪ್ರತಿ 2,000ಕ್ಕೆ ಶೇ. 5 ಎಂದರೆ 100 ಮಾತ್ರ. ಆದರೆ ಕನಿಷ್ಠ 300 ಇರುವುದರಿಂದ ಪ್ರತಿ ಸಲವೂ 300 ಬೀಳುತ್ತದೆ. ಐದು ಸಲಕ್ಕೆ 1,500. ಅದೇ 10,000ವನ್ನು ಒಂದೇ ಸಲ ಹಾಕಿದ್ದರೆ ಶುಲ್ಕ 500 ಆಗುತ್ತಿತ್ತು. ಜೂಜಿನ ಖಾತೆಗೆ ಹಣ ಹೋಗುವುದೇ ಹೀಗೆ ಚಿಕ್ಕ ಚಿಕ್ಕ ಕಂತುಗಳಲ್ಲಿ. ಕಾಗದದ ಮೇಲೆ ಶೇ. 5 ಎಂದಿದ್ದ ಶುಲ್ಕ ಇಲ್ಲಿ ಶೇ. 15 ಆಯಿತು.

ಶುಲ್ಕವೂ ನಗದಿನ ಬಾಕಿಗೇ ಸೇರುವ ಕಾರ್ಡುಗಳಲ್ಲಿ ಬಡ್ಡಿ ಓಡುವುದು 10,000ದ ಮೇಲಲ್ಲ, 11,500ರ ಮೇಲೆ:

```
11,500 × 30 ÷ 100 ÷ 365 = ದಿನಕ್ಕೆ 9.45
5ರಿಂದ 25ರವರೆಗೆ 20 ದಿನ   = 189
```

ಬಡ್ಡಿಗೆ ದಿನವೂ ಬಡ್ಡಿ ಸೇರಿಸುವ ಬ್ಯಾಂಕಾದರೆ ಒಂದೆರಡು ಹೆಚ್ಚಾಗುತ್ತದೆ, ಅಷ್ಟೇ. 25ರ ಬಿಲ್ಲಿನಲ್ಲಿ ನಗದಿನ ಬಾಕಿ 11,689 ಎಂದು ಬರುತ್ತದೆ. ಕೊನೆಯ ದಿನ 15 ಅಲ್ಲವೇ ಎಂದು ಅವರು 15ಕ್ಕೆ ಅಷ್ಟನ್ನೂ ಕಟ್ಟುತ್ತಾರೆ. ಅಲ್ಲಿಗೆ ಮುಗಿಯಿತು ಎನ್ನಿಸುತ್ತದೆ. ಆದರೆ 25ರಿಂದ 15ರವರೆಗೆ ಇನ್ನೂ 20 ದಿನ ಬಡ್ಡಿ ಓಡಿದೆ, ಸುಮಾರು 192. ಅದು ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಒಟ್ಟು ಖರ್ಚು 1,500 + 189 + 192, ಅಂದರೆ 1,881. ಹಾಕಿದ 10,000ಕ್ಕೆ ಹತ್ತಿರ ಹತ್ತಿರ ಶೇ. 19. ಆಟದಲ್ಲಿ ಸೋತದ್ದು ಇದರಲ್ಲಿ ಸೇರಿಲ್ಲ.

ಅದೇ ವ್ಯಕ್ತಿ 8ನೇ ತಾರೀಖಿಗೇ ತೀರಿಸಿದ್ದರೆ ಬಡ್ಡಿ ಮೂರು ದಿನದ್ದು, 28 ಮಾತ್ರ. ಬೇಗ ಕಟ್ಟಿದರೆ ಬಡ್ಡಿ ಉಳಿಯುತ್ತದೆ. ಶುಲ್ಕ ಮಾತ್ರ ಹಾಕಿದ ಗಳಿಗೆಯಲ್ಲೇ ಹೋದ ಹಣ.

ಈ ಶುಲ್ಕ ಎಷ್ಟು ಭಾರ ಎಂಬುದಕ್ಕೆ ಒಂದು ಹೋಲಿಕೆ ಕೊಡುತ್ತೇವೆ. ಒಂದೇ ಸೊನ್ನೆಯಿರುವ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಕೆಂಪು ಅಥವಾ ಕಪ್ಪಿನ ಮೇಲೆ ಕಟ್ಟಿದ ಹಣದಲ್ಲಿ ಕ್ಯಾಸಿನೊಗೆ ಸರಾಸರಿ ಉಳಿಯುವುದು ಮೂವತ್ತೇಳರಲ್ಲಿ ಒಂದು ಪಾಲು, ಶೇ. 2.7. ಒಂದೇ ಸಲ ಹಾಕಿದಾಗಿನ ಶೇ. 5 ಶುಲ್ಕವೇ ಇದರ ಹೆಚ್ಚುಕಡಿಮೆ ಎರಡು ಪಟ್ಟು. ಚಕ್ರ ತಿರುಗುವ ಮೊದಲೇ ಅಷ್ಟು ಹೋಗಿರುತ್ತದೆ. ಸೈಟು ವಿದೇಶದ್ದಾದರೆ ವಿದೇಶಿ ವ್ಯವಹಾರದ ಶುಲ್ಕವೂ ಮೇಲೆ ಬೀಳಬಹುದು, ರಿವಾರ್ಡ್ ಪಾಯಿಂಟ್ ಅಂತೂ ಸಾಮಾನ್ಯವಾಗಿ ಸಿಗುವುದಿಲ್ಲ.

ಕಾರ್ಡಿಗೆ ಮುಂಚಿತವಾಗಿ ಹಣ ಕಟ್ಟಿಟ್ಟು ಆಮೇಲೆ ಆ್ಯಪ್‌ಗೆ ಹಾಕಿದರೆ ಶುಲ್ಕ ಬರುವುದಿಲ್ಲ ಎಂದು ಕೆಲವರು ನಂಬುತ್ತಾರೆ. ಬಾಕಿ ಇಲ್ಲದಿದ್ದರೆ ಬಡ್ಡಿ ಬೀಳದಿರಬಹುದು. ಶುಲ್ಕ ಬೀಳುವುದು ವ್ಯವಹಾರದ ಬಗೆಗೆ, ಬಾಕಿಗಲ್ಲ. ಹಾಗಾಗಿ ಸಾಮಾನ್ಯವಾಗಿ ಅದು ತಪ್ಪುವುದಿಲ್ಲ.

ಹಂತ 2: ಹಣ ಹೋಗುವ ದಾರಿಯನ್ನೇ ಮುಚ್ಚಿಸಿ

ಜೂಜಿನ ಶುಲ್ಕ ಬೇಡ ಎನ್ನುವವರೂ ಜೂಜನ್ನೇ ಬಿಡಬೇಕು ಎನ್ನುವವರೂ ಮಾಡಬೇಕಾದ ಕೆಲಸ ಒಂದೇ. ಎರಡು ಬಾಗಿಲು ಮುಚ್ಚಬೇಕು.

ಮೊದಲನೆಯದು ಬ್ಯಾಂಕಿನ ಆ್ಯಪ್‌ನಲ್ಲಿರುವ ಜೂಜಿನ ತಡೆ. ಕಾರ್ಡ್ ಕಂಟ್ರೋಲ್ ಅಥವಾ ಸೆಟ್ಟಿಂಗ್ಸ್ ಒಳಗೆ `Gambling block` ಎಂಬಂಥ ಬಟನ್ ಇರುತ್ತದೆ. ಬ್ರಿಟನ್ನಿನ ಬ್ಯಾಂಕುಗಳು ಇದನ್ನು 2018ರಿಂದ ಕೊಡತೊಡಗಿದವು. ಎಲ್ಲ ಬ್ಯಾಂಕುಗಳಲ್ಲಿ ಇದು ಇಲ್ಲ. ಇದ್ದಲ್ಲಿ, ಆಫ್ ಮಾಡಲು ಹೋದರೆ ತಕ್ಷಣ ಆಫ್ ಆಗುತ್ತದೆಯೋ 48 ಗಂಟೆಯಂಥ ಕಾಯುವ ಅವಧಿ ಇದೆಯೋ ನೋಡಿ. ಕಾಯಿಸುವ ತಡೆಯೇ ನಿಜವಾಗಿ ಕೆಲಸಕ್ಕೆ ಬರುವುದು, ಏಕೆಂದರೆ ಹಣ ಹಾಕಲೇಬೇಕು ಎನ್ನಿಸುವ ಗಳಿಗೆ ಅಷ್ಟು ಹೊತ್ತು ಇರುವುದಿಲ್ಲ.

ಈ ತಡೆಗೂ ಒಂದು ಮಿತಿಯಿದೆ. ಅದು ನೋಡುವುದು ಕೋಡನ್ನು ಮಾತ್ರ. 7995 ಬಂದರೆ ನಿಲ್ಲಿಸುತ್ತದೆ, ವಾಲೆಟ್ ತುಂಬುವ ಕೋಡ್ ಬಂದರೆ ಬಿಟ್ಟುಬಿಡಬಹುದು. ಅದಕ್ಕೇ ಎರಡನೆಯ ಬಾಗಿಲನ್ನೂ ಮುಚ್ಚಬೇಕು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ನನ್ನ ಕಾರ್ಡಿನ ನಗದು ಮಿತಿಯನ್ನು ಸೊನ್ನೆ ಮಾಡಿ" ಎಂದು ಕೇಳಿ. ಅನೇಕ ಬ್ಯಾಂಕುಗಳು ಒಪ್ಪುತ್ತವೆ, ಸೊನ್ನೆ ಆಗದಿದ್ದರೆ ಅತಿ ಕಡಿಮೆಗೆ ಇಳಿಸುತ್ತವೆ. ನಗದು ಮಿತಿ ಸೊನ್ನೆಯಾದರೆ ಬ್ಯಾಂಕು ಯಾವುದನ್ನೆಲ್ಲ ನಗದು ಎಂದು ಎಣಿಸುತ್ತದೋ ಅದೆಲ್ಲ ನಿಲ್ಲುತ್ತದೆ: ಎಟಿಎಂ, ಚಿಪ್, ವಾಲೆಟ್, ಎಲ್ಲವೂ. ಖರೀದಿಗೆ ಏನೂ ತೊಂದರೆಯಾಗುವುದಿಲ್ಲ. ಫೋನಿನಲ್ಲಿ ಆಯಿತು ಎಂದರೆ ಸಾಲದು, ಮುಂದಿನ ಸ್ಟೇಟ್‌ಮೆಂಟಿನಲ್ಲಿ `Cash limit` ಎಂಬ ಸಾಲಿನ ಎದುರು ಎಷ್ಟಿದೆ ಎಂದು ಕಣ್ಣಾರೆ ನೋಡಿ. ಕಾರ್ಡ್ ಬದಲಾದಾಗ, ಒಟ್ಟು ಮಿತಿ ಏರಿಸಿದಾಗ ಮತ್ತೊಮ್ಮೆ ನೋಡಿ.

ಕೆಲವು ದೇಶಗಳಲ್ಲಿ ಕಾನೂನೇ ಈ ಬಾಗಿಲು ಮುಚ್ಚಿದೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಸ್ವೀಕರಿಸುವಂತಿಲ್ಲ, ಕ್ರೆಡಿಟ್ ಕಾರ್ಡಿನಿಂದ ತುಂಬಿದ ಇ-ವಾಲೆಟ್ ಹಣಕ್ಕೂ ಇದು ಅನ್ವಯಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಆನ್‌ಲೈನ್ ಬೆಟ್ಟಿಂಗ್‌ಗೆ 2024ರ ಜೂನ್ 11ರಿಂದ ನಿಷೇಧ. ಅಮೆರಿಕದಲ್ಲಿ 2006ರ ಕಾನೂನು ಅಕ್ರಮ ಆನ್‌ಲೈನ್ ಜೂಜಿನ ಪಾವತಿಗಳನ್ನು ತಡೆಯುವ ಹೊಣೆಯನ್ನು ಬ್ಯಾಂಕು ಮತ್ತು ಕಾರ್ಡ್ ಜಾಲಗಳ ಮೇಲೆ ಹಾಕಿದೆ. ಜೂಜು ಕಾನೂನುಬದ್ಧವಾಗಿರುವ ರಾಜ್ಯಗಳಲ್ಲೂ ಕೆಲವು ಬ್ಯಾಂಕುಗಳು ಈ ಕೋಡಿನ ಪಾವತಿಯನ್ನು ಒಪ್ಪುವುದಿಲ್ಲ. ಅಂಥ ತಿರಸ್ಕಾರ ಬ್ಯಾಂಕಿನ ನೀತಿ, ಅದನ್ನು ದೂರು ಕೊಟ್ಟು ಬದಲಾಯಿಸಲಾಗದು.

ಹಂತ 3: ಹಾಕಿಬಿಟ್ಟಿದ್ದರೆ, ಮೊದಲು ಲೆಕ್ಕಕ್ಕೆ ಏರಲು ಬಿಡಿ

ಆ್ಯಪ್‌ನಲ್ಲಿ ವ್ಯವಹಾರ ಇನ್ನೂ `Pending` ಎಂದು ತೋರಿಸುತ್ತಿರುವಾಗ ಗಾಬರಿಯಿಂದ ಹಣ ಕಟ್ಟಿದರೆ ಆ ಹಣ ಆಗ ಇರುವ ಖರೀದಿಯ ಬಾಕಿಗೆ ಹೋಗಿಬಿಡುತ್ತದೆ. ನಗದಿನ ಬಾಕಿ ಆಮೇಲೆ ಬಂದು ಕೂರುತ್ತದೆ. ಆದ್ದರಿಂದ ದಿನಕ್ಕೊಮ್ಮೆ ನೋಡುತ್ತಿರಿ. `CASH ADVANCE FEE` ಎಂಬ ಸಾಲು ಬಂದರೆ ಅದು ನಗದಿನ ಲೆಕ್ಕಕ್ಕೆ ಹೋಗಿದೆ ಎಂದರ್ಥ. ಹೆಸರು ಸ್ಪಷ್ಟವಿಲ್ಲದಿದ್ದರೆ ಲಭ್ಯವಿರುವ ನಗದು ಮಿತಿ ನೋಡಿ. ಮೇಲಿನ ಉದಾಹರಣೆಯಲ್ಲಿ 20,000 ಇದ್ದದ್ದು 8,500ಕ್ಕೆ ಇಳಿದಿರುತ್ತದೆ. ಖರೀದಿ ಎಂದು ಎಣಿಸಿದ್ದರೆ ಈ ಅಂಕಿ ಹೀಗೆ ಅಷ್ಟೇ ಮೊತ್ತಕ್ಕೆ ಇಳಿಯುವುದಿಲ್ಲ.

ಹಂತ 4: ಎಷ್ಟು ಕಟ್ಟಬೇಕು

ಇಲ್ಲಿ ಬಹಳ ಜನ ಎಡವುತ್ತಾರೆ, ಆದ್ದರಿಂದ ನಿಧಾನವಾಗಿ ಹೇಳುತ್ತೇವೆ. ಕಾರ್ಡಿಗೆ ನೀವು ಕಟ್ಟುವ ಹಣ ಯಾವ ಬಾಕಿಗೆ ಹೋಗಬೇಕು ಎಂದು ನೀವು ಹೇಳಲಾರಿರಿ, ಅದಕ್ಕೆ ಬ್ಯಾಂಕಿನದೇ ಕ್ರಮವಿದೆ.

ಮೇಲಿನ ವ್ಯಕ್ತಿಗೆ ಹಿಂದಿನ ಬಿಲ್ಲಿನ ಖರೀದಿ ಬಾಕಿ 30,000 ಇದೆ, ಅದಕ್ಕೆ ಕಟ್ಟಬೇಕಾದ ಕನಿಷ್ಠ ಮೊತ್ತ 1,500 ಎನ್ನೋಣ. ಅವರು 8ಕ್ಕೆ ಸರಿಯಾಗಿ 11,500 ಕಟ್ಟುತ್ತಾರೆ. ಅಮೆರಿಕದ 2009ರ ಕಾರ್ಡ್ ಕಾನೂನಿನ ಪ್ರಕಾರ ಕನಿಷ್ಠ ಮೊತ್ತವನ್ನು ಮೀರಿ ಕಟ್ಟಿದ ಹಣ ಅತಿ ಹೆಚ್ಚು ಬಡ್ಡಿಯ ಬಾಕಿಗೆ ಹೋಗಬೇಕು. ಮೊದಲ 1,500 ಮಾತ್ರ ಬ್ಯಾಂಕಿನ ಇಷ್ಟ, ಅದನ್ನು ಕಡಿಮೆ ಬಡ್ಡಿಯ ಖರೀದಿಗೆ ಹಾಕಬಹುದು. ಆಗ ನಗದಿಗೆ ಸಿಕ್ಕಿದ್ದು 10,000, ಉಳಿದ 1,500 ಶೇ. 30ರಲ್ಲಿ ಬೆಳೆಯುತ್ತಲೇ ಇರುತ್ತದೆ. ಇಂಥ ನಿಯಮ ಇರುವಲ್ಲಿ 11,500, ಕನಿಷ್ಠ ಮೊತ್ತ 1,500, ಮೂರು ದಿನದ ಬಡ್ಡಿ 28, ಒಟ್ಟು 13,028 ಕಟ್ಟಿದರೆ ನಗದಿನ ಬಾಕಿ ತೀರುತ್ತದೆ.

ಹಳೆಯ ಬಿಲ್ಲಿನ ಬಾಕಿಯನ್ನೇ ಮೊದಲು ತೀರಿಸಿಕೊಳ್ಳುವ ಕ್ರಮ ಬ್ಯಾಂಕಿನದಾದರೆ ಕಥೆ ಬೇರೆ. ಕಟ್ಟಿದ 11,500 ಪೂರ್ತಿ 30,000ದ ಬಾಕಿಗೆ ಹೋಗುತ್ತದೆ, ನಗದು ಮುಟ್ಟುವುದೇ ಇಲ್ಲ. ಅಲ್ಲಿ ಹಿಂದಿನ ಬಿಲ್ ಮತ್ತು ನಗದು ಎರಡನ್ನೂ ಸೇರಿಸಿ ಕಟ್ಟದೆ ಬಡ್ಡಿ ನಿಲ್ಲುವುದಿಲ್ಲ. ನಿಮ್ಮ ಕಾರ್ಡಿನದು ಯಾವ ಕ್ರಮ ಎಂಬುದು ಕರಾರಿನಲ್ಲಿ `payment allocation` ಅಥವಾ `order of payments` ಎಂಬ ಪ್ಯಾರಾದಲ್ಲಿರುತ್ತದೆ. ಒಂದೇ ಫೋನಿನಲ್ಲಿ ಮುಗಿಸಬೇಕೆಂದರೆ ಹೀಗೆ ಕೇಳಿ: "ನಗದಿನ ಬಾಕಿ ಇವತ್ತಿಗೆ ಪೂರ್ತಿ ಸೊನ್ನೆ ಆಗಬೇಕಾದರೆ ಒಟ್ಟು ಎಷ್ಟು ಕಟ್ಟಬೇಕು?" ಅವರು ಹೇಳಿದ ಅಂಕಿ, ತಾರೀಖು ಬರೆದಿಟ್ಟುಕೊಳ್ಳಿ.

ಗೆದ್ದ ಹಣ ಕಾರ್ಡಿಗೇ ವಾಪಸ್ ಬಂದರೂ ಶುಲ್ಕ ತಾನಾಗಿ ರದ್ದಾಗುವುದಿಲ್ಲ, ಹಣ ಬಂದು ಸೇರುವವರೆಗಿನ ಬಡ್ಡಿಯೂ ಹೋಗುವುದಿಲ್ಲ.

ಹಂತ 5: ಶುಲ್ಕ ವಾಪಸ್ ಕೇಳುವುದು

ಶುಲ್ಕ ಬೀಳುತ್ತದೆಂದು ಗೊತ್ತಿರಲಿಲ್ಲ, ಇದು ಮೊದಲ ಸಲ, ಬಾಕಿ ಆಗಲೇ ತೀರಿಸಿದ್ದೇನೆ ಎಂದು ನೇರವಾಗಿ ಹೇಳಿ ಕೇಳಿದರೆ ಒಂದು ಸಲಕ್ಕೆ ಬಿಟ್ಟುಕೊಡುವ ಬ್ಯಾಂಕುಗಳಿವೆ. ಬಾಕಿ ತೀರಿಸಿ ಆಮೇಲೆ ಕೇಳಿ, ನಗದು ಮಿತಿ ಸೊನ್ನೆ ಮಾಡಲೂ ಅದೇ ಫೋನಿನಲ್ಲಿ ಹೇಳಿ. ಐದು ಶುಲ್ಕ ಬಿದ್ದಿದ್ದರೆ ಐದನ್ನೂ ತಾರೀಖು, ಮೊತ್ತ ಸಮೇತ ಓದಿ ಹೇಳಿ. "ಶುಲ್ಕ ಬಿಟ್ಟುಬಿಡಿ" ಎಂದಷ್ಟೇ ಹೇಳಿದರೆ ಒಂದನ್ನು ತೆಗೆದು ಕೈತೊಳೆದುಕೊಳ್ಳಬಹುದು.

ಜೂಜೇ ಅಲ್ಲದ ವ್ಯವಹಾರಕ್ಕೆ ಈ ಶುಲ್ಕ ಬಿದ್ದಿದ್ದರೆ ಅದು ಕೋಡಿನ ತಪ್ಪು. ಕೋಡ್ ತಿದ್ದಬೇಕಾದದ್ದು ವ್ಯಾಪಾರಿಯ ಕಡೆಯ ಬ್ಯಾಂಕು, ನಿಮ್ಮ ಬ್ಯಾಂಕು ಶುಲ್ಕ ಮತ್ತು ಬಡ್ಡಿಯನ್ನು ವಾಪಸ್ ಹಾಕಬಲ್ಲದು. ರಸೀದಿ ಲಗತ್ತಿಸಿ ಬರವಣಿಗೆಯಲ್ಲಿ ದೂರು ಕೊಡಿ, ಅವಧಿ ಮೀರದಂತೆ ನೋಡಿಕೊಳ್ಳಿ. ಅಮೆರಿಕದಲ್ಲಿ ಬಿಲ್ಲಿನ ತಪ್ಪಿಗೆ, ಅದು ಕಾಣಿಸಿದ ಮೊದಲ ಬಿಲ್ ಕಳಿಸಿದ ದಿನದಿಂದ 60 ದಿನ ಇದೆ.

ಸೋತ ಹಣವನ್ನು "ಈ ವ್ಯವಹಾರ ನಾನು ಮಾಡಿಲ್ಲ" ಎಂದು ಸುಳ್ಳು ಹೇಳಿ ವಾಪಸ್ ಪಡೆಯಲು ದಯವಿಟ್ಟು ಹೋಗಬೇಡಿ. ಒಟಿಪಿ, ಫೋನಿನ ಗುರುತು, ಆಡಿದ ದಾಖಲೆ ಎಲ್ಲವನ್ನೂ ಆ ಸೈಟು ಬ್ಯಾಂಕಿಗೆ ಒಪ್ಪಿಸುತ್ತದೆ. ದೂರು ಬಿದ್ದುಹೋಗುವುದಲ್ಲದೆ ಕಾರ್ಡೂ ಹೋಗಬಹುದು. ನಿಜವಾಗಿಯೂ ಬೇರೆಯವರು ನಿಮ್ಮ ಕಾರ್ಡ್ ಬಳಸಿದ್ದರೆ ಮಾತ್ರ ಆ ದಾರಿ.

ಹಂತ 6: ಮುಂದಿನ ಎರಡು ಬಿಲ್ ನೋಡಿ

ಬಾಕಿ ತೀರಿಸಿದ ಮೇಲಿನ ಮೊದಲ ಬಿಲ್ಲಿನಲ್ಲಿ, ಕಟ್ಟಿದ ದಿನದವರೆಗಿನ ಬಡ್ಡಿ ಚಿಕ್ಕ ಮೊತ್ತವಾಗಿ ಬರಬಹುದು. ಅದು ಸರಿಯಾದದ್ದೇ. ಅದನ್ನು ಕಡೆಗಣಿಸಿದರೆ ತಡಪಾವತಿಯ ದಂಡ ಬೀಳುತ್ತದೆ. ಹೊಸದಾಗಿ ಏನೂ ಹಾಕದೆ, ಆ ಚಿಲ್ಲರೆಯನ್ನೂ ಕಟ್ಟಿದ ಮೇಲೆ ಎರಡನೆಯ ಬಿಲ್ಲಿನಲ್ಲೂ `INTEREST CHARGE ON CASH ADVANCES` ಎಂಬ ಸಾಲಿನ ಎದುರು ಸೊನ್ನೆ ಅಲ್ಲದೆ ಬೇರೆ ಅಂಕಿ ಇದ್ದರೆ, ಎಲ್ಲೋ ನಗದಿನ ಬಾಕಿ ಉಳಿದಿದೆ. ನೀವು ಕಟ್ಟಿದ ತಾರೀಖು, ಮೊತ್ತ, ಅವರು ಫೋನಿನಲ್ಲಿ ಹೇಳಿದ ಅಂಕಿ ಇಟ್ಟುಕೊಂಡು ಬ್ಯಾಂಕಿಗೆ ಅದೇ ದಿನ ಬರೆಯಿರಿ.